ಕಾರವಾರದ ಕಡಲತೀರದ ಫೋಟೋಗೆ ಆಳ: ಪದರ ಕತ್ತರಿಸೋದಾ, ಡೆಪ್ತ್ ಮ್ಯಾಪಾ?

ಕಾರವಾರದ ದಂಡೆಯ ಒಂದು ಫೋಟೋ ಇದೆ ಅಂದುಕೊಳ್ಳಿ. ಮುಂದೆ ಮರಳ ಮೇಲೆ ದೋಣಿ, ಹಿಂದೆ ಸಮುದ್ರ, ದೂರದಲ್ಲಿ ಕೂರ್ಮಗಡ ದ್ವೀಪ. ಇದನ್ನು ವಿಡಿಯೋ ಮಾಡುವಾಗ ಕ್ಯಾಮೆರಾ ಪಕ್ಕಕ್ಕೆ ಸರಿದಂತೆ ಕಾಣಬೇಕಾದರೆ ದೋಣಿ ಜಾಸ್ತಿ, ದ್ವೀಪ ಕಡಿಮೆ ಸರಿಯಬೇಕು.

ಮೊದಲ ದಾರಿಯಲ್ಲಿ ದೋಣಿ, ದ್ವೀಪ, ಆಕಾಶ ಎಲ್ಲವನ್ನೂ ಬೇರೆ ಬೇರೆ ಪದರವಾಗಿ ಕತ್ತರಿಸುತ್ತೇವೆ. ದೋಣಿ ಹಿನ್ನೆಲೆಗಿಂತ 60 ಪಿಕ್ಸೆಲ್ ಜಾಸ್ತಿ ಸರಿದರೆ, ಅದರ ಹಿಂದೆ ಅಷ್ಟಗಲದ ಜಾಗ ಬಯಲಾಗುತ್ತದೆ. ಅಲ್ಲಿ ಸಮುದ್ರ, ಮರಳು ಬಿಡಿಸಿ ತುಂಬಬೇಕು. ಕೆಲಸ ಹೆಚ್ಚು, ಆದರೆ ಅಂಚು ಚೊಕ್ಕ. ತೊಂದರೆ ಮರಳಿನದು. ಅದು ನಮ್ಮ ಕಾಲಬುಡದಿಂದ ನೀರಿನವರೆಗೆ ಒಂದೇ ಸಮನೆ ಚಾಚಿರುತ್ತದೆ. ಅದನ್ನು ನಿಂತ ಹಲಗೆಯಂತೆ ಇಟ್ಟರೆ ದೋಣಿ ನೆಲ ಬಿಟ್ಟು ಜಾರಿದಂತೆ ಕಾಣುತ್ತದೆ. ಮರಳಿನ ಪದರವನ್ನು ನೆಲದಂತೆ ಮಲಗಿಸಲೇಬೇಕು.

ಎರಡನೇ ದಾರಿ ಡೆಪ್ತ್ ಮ್ಯಾಪ್. ಅಂದರೆ ಹತ್ತಿರದ್ದು ಬಿಳಿ, ದೂರದ್ದು ಕಪ್ಪು ಇರುವ ಬೂದು ಚಿತ್ರ. ಅದನ್ನು ನೋಡಿ ತಂತ್ರಾಂಶ ಪಿಕ್ಸೆಲ್‌ಗಳನ್ನು ಸರಿಸುತ್ತದೆ. ಮರಳಿಗೆ ಇದೇ ಚೆಂದ, ಇಳಿಜಾರು ತಾನಾಗಿ ಬರುತ್ತದೆ. ಆದರೆ ಮುಚ್ಚಿದ್ದ ಜಾಗಕ್ಕೆ ಹೊಸ ಚಿತ್ರ ಸಿಗುವುದಿಲ್ಲ, ಇರೋದನ್ನೇ ಎಳೆಯುತ್ತದೆ. ದೋಣಿಯ ಮೂತಿಯ ಪಕ್ಕ ಕಣ್ಣಿಟ್ಟು ನೋಡಿ. ನೀರು ರಬ್ಬರಿನಂತೆ ಹಿಗ್ಗಿದರೆ ಚಲನೆ ಅತಿಯಾಗಿದೆ.

ಸಣ್ಣ ಚಲನೆ ಸಾಕಾದರೆ ಡೆಪ್ತ್ ಮ್ಯಾಪ್ ಆರಿಸಿ. ದೋಣಿ ಎದ್ದು ಕಾಣಬೇಕಾದರೆ ಪದರವೇ ಸರಿ. ನಾನಾದರೆ ದೋಣಿಯನ್ನು ಮಾತ್ರ ಕತ್ತರಿಸಿ, ಹಿಂಬದಿ ತುಂಬಿ, ಉಳಿದದ್ದಕ್ಕೆ ಡೆಪ್ತ್ ಮ್ಯಾಪ್ ಹಾಕುತ್ತೇನೆ.