ಒಪ್ಪಿಗೆಯಾದ ಕಾಫಿ ಡಬ್ಬಿಯ ಚಿತ್ರ: ಪ್ರಾಂಪ್ಟ್ ಬದಲಿಸುವುದೋ, ವೇರಿಯೇಷನ್ ಏರಿಸುವುದೋ?

ಎಐ ಮಾದರಿಯಿಂದ ಮಾಡಿದ ಒಂದು ಚಿತ್ರ ಒಪ್ಪಿಗೆಯಾದ ಮೇಲೆ ಅದನ್ನೇ ಬೇರೆ ಬೇರೆ ಬಗೆಯಲ್ಲಿ ಮಾಡಿಕೊಡುವುದು ಹೇಗೆ? ನನ್ನ ಆಯ್ಕೆಯನ್ನು ಮೊದಲೇ ಹೇಳಿಬಿಡುತ್ತೇನೆ: ಚಿತ್ರ ಎಲ್ಲಿಂದ ಆರಂಭವಾಗಬೇಕೆಂದು ಗೊತ್ತುಮಾಡುವ ಸೀಡ್ ಸಂಖ್ಯೆಯನ್ನು ಮುಟ್ಟದೆ, `Variation strength` ಅನ್ನು 0.1ರ ಒಳಗೆ ಇಟ್ಟುಕೊಂಡು ಕೆಲಸ ಮಾಡುವುದು. ಬೇರೆ ದಾರಿಗಳಲ್ಲಿ ಒಂದು ವಾರ ಕಳೆದುಕೊಂಡ ಮೇಲೆ ಇಲ್ಲಿಗೆ ಬಂದೆ.

ಗಾಂಧಿ ಬಜಾರಿನ ಒಂದು ಕಾಫಿಪುಡಿ ಅಂಗಡಿಗೆ ಚಿತ್ರ ಮಾಡಿಕೊಟ್ಟಿದ್ದೆ. ಮರದ ಮೇಜು, ಹಿತ್ತಾಳೆಯ ಫಿಲ್ಟರ್, ಪಕ್ಕದಲ್ಲಿ ಕೆಂಪು ಡಬ್ಬಿ. ಯಜಮಾನರು ಒಪ್ಪಿದರು. ಮರುದಿನ ಫೋನ್ ಮಾಡಿ, "ಇದನ್ನೇ ಇನ್ನೂ ನಾಲ್ಕು ಬಗೆಯಲ್ಲಿ ಕೊಡಿ, ವಾರಕ್ಕೊಂದು ಹಾಕುತ್ತೇವೆ. ನಮ್ಮ ಡಬ್ಬಿ ಮಾತ್ರ ಬದಲಾಗಬಾರದು" ಎಂದರು. ಕನ್ನಡ ಅಕ್ಷರಗಳನ್ನು ಮಾದರಿ ನೆಟ್ಟಗೆ ಬರೆಯುವುದಿಲ್ಲವಾದ್ದರಿಂದ ಡಬ್ಬಿಯನ್ನು ಖಾಲಿ ಬಿಟ್ಟು, ಲೇಬಲ್ಲನ್ನು ನಾನೇ ಮೇಲಿನ ಪದರವಾಗಿ ಕೂರಿಸುತ್ತೇನೆ. ಡಬ್ಬಿ ಸ್ವಲ್ಪ ಜರುಗಿದರೂ ಲೇಬಲ್ ಹೊರಗಿನಿಂದ ಅಂಟಿಸಿದ ಹಾಗೆ ಎದ್ದು ಕಾಣುತ್ತದೆ.

ಮೊದಲು ಅದೇ ಸೀಡ್ ಇಟ್ಟು ಪ್ರಾಂಪ್ಟಿನಲ್ಲಿ "ಬೆಳಗಿನ ಬಿಸಿಲು" ಸೇರಿಸಿದೆ. ಡಬ್ಬಿ ಗಿಡ್ಡವಾಯಿತು, ಫಿಲ್ಟರ್ ಎಡಕ್ಕೆ ಹೋಯಿತು. ಸೀಡ್ ನಿರ್ಧರಿಸುವುದು ಆರಂಭದ ನಾಯ್ಸ್, ಅಂದರೆ ಚಿತ್ರ ಮೂಡುವ ಮೊದಲಿನ ಚುಕ್ಕೆಗಳ ಕಲಸುಮೇಲೋಗರ, ಯಾವುದು ಎಂಬುದನ್ನು ಮಾತ್ರ. ಆ ನಾಯ್ಸಿನಿಂದ ಏನು ಮೂಡಬೇಕೆಂದು ಪ್ರಾಂಪ್ಟ್ ಹೇಳುತ್ತದೆ. ಹೊಸ ಪದ ಬಂದರೆ ಅದರ ಪ್ರಭಾವ ಇಡೀ ಚಿತ್ರದ ಮೇಲಾಗುತ್ತದೆ.

ತಿಂಗಳ ಚಂದಾ ಕೇಳುವ ಒಂದು ಜಾಲತಾಣವನ್ನೂ ನೋಡಿದೆ. ಅಲ್ಲಿ ಇದ್ದದ್ದು ಕಡಿಮೆ ಬದಲಾವಣೆ, ಹೆಚ್ಚು ಬದಲಾವಣೆ ಎಂಬ ಎರಡೇ ಗುಂಡಿ. ಚಿತ್ರ ಚೆಂದವೇ ಬಂದಿತು, ಆದರೆ ಕಡಿಮೆ ಎಂದರೆ ಎಷ್ಟು ಎಂಬುದು ನನ್ನ ಕೈಯಲ್ಲಿರಲಿಲ್ಲ.

ಚಂದಾ ಇಲ್ಲದೆ ಸ್ವಂತ ಕಂಪ್ಯೂಟರಿನಲ್ಲಿ ನಾನು ಓಡಿಸುವ ಸ್ಟೇಬಲ್ ಡಿಫ್ಯೂಷನ್ ವೆಬ್‌ಯುಐಯಲ್ಲಿ ಸೀಡ್ ಪಕ್ಕದ `Extra` ಒತ್ತಿದರೆ ಎರಡನೆಯ ಸೀಡಿಗೆ ಜಾಗ ತೆರೆಯುತ್ತದೆ. ಮೂಲ ನಾಯ್ಸಿಗೆ ಈ ಎರಡನೆಯದನ್ನು ಎಷ್ಟು ಬೆರೆಸಬೇಕು ಎಂಬುದೇ `Variation strength`. 0 ಎಂದರೆ ಒಪ್ಪಿಗೆಯಾದ ಚಿತ್ರವೇ, 1 ಎಂದರೆ ಪೂರ್ತಿ ಬೇರೆಯದು. ಒಟ್ಟಿಗೆ 8 ಚಿತ್ರ ಕೇಳಿದರೆ ಮೂಲ ಸೀಡ್ ಹಾಗೆಯೇ ಉಳಿದು ಎರಡನೆಯದು ಮಾತ್ರ ಒಂದೊಂದಾಗಿ ಏರುತ್ತದೆ. ನನ್ನ ಚಿತ್ರದಲ್ಲಿ 0.05ಕ್ಕೆ ಹಬೆ ಮತ್ತು ಮರದ ಗೆರೆಗಳಷ್ಟೇ ಬದಲಾದವು, 0.08ಕ್ಕೆ ಹಿನ್ನೆಲೆಯ ನೆರಳೂ ಬದಲಾಯಿತು, 0.2ಕ್ಕೆ ಡಬ್ಬಿಯ ಮುಚ್ಚಳ ಓರೆಯಾಯಿತು. ಇದನ್ನು ಬರಿಗಣ್ಣಿಗೆ ಬಿಡಬಾರದು. ಚಿತ್ರ ತಿದ್ದುವ ತಂತ್ರಾಂಶದಲ್ಲಿ ಹಳೆಯ ಚಿತ್ರದ ಮೇಲೆ ಹೊಸದನ್ನು ಪದರವಾಗಿಟ್ಟು, ಪದರ ಬೆರೆಸುವ ಬಗೆಗಳಲ್ಲಿ `Difference` ಆರಿಸಿದರೆ ಬದಲಾಗದ ಜಾಗ ಕಪ್ಪಾಗಿ ಕಾಣುತ್ತದೆ. ಡಬ್ಬಿಯ ಅಂಚಿನಲ್ಲಿ ಬಿಳಿ ಗೆರೆ ಕಂಡಿತೆಂದರೆ ಆ ಚಿತ್ರವನ್ನು ಕೈಬಿಡುತ್ತೇನೆ.

ನನ್ನನ್ನು ನಿಜವಾಗಿ ಕಾಡಿದ್ದು ಬೇರೆಯೇ ತೊಡಕು. ಮೂಲ ಚಿತ್ರ ಹುಟ್ಟಿದ್ದು ಜಯನಗರದ ಗೆಳೆಯರ ಎನ್‌ವಿಡಿಯಾ ಕಾರ್ಡಿರುವ ಕಂಪ್ಯೂಟರಿನಲ್ಲಿ. ಮನೆಯ ಮ್ಯಾಕಿನಲ್ಲಿ ಅದೇ ಮಾದರಿ, ಅದೇ ಸೀಡ್, ಅದೇ ಅಳತೆ ಕೊಟ್ಟರೂ ಬೇರೆಯೇ ಮೇಜು, ಬೇರೆಯೇ ಡಬ್ಬಿ ಬಂದವು. ಎರಡು ರಾತ್ರಿ ಪ್ರಾಂಪ್ಟಿನ ಅಲ್ಪವಿರಾಮಗಳನ್ನೂ ಬಿಡದೆ ಹೋಲಿಸಿ ನೋಡಿದೆ.

ಕಾರಣ ಇದ್ದದ್ದು ಸೆಟ್ಟಿಂಗ್ಸಿನ `Random number generator source` ಎಂಬಲ್ಲಿ. ಮೊದಲಿನಿಂದಲೂ ಇರುವ ಆಯ್ಕೆ `GPU`. ಅದರಲ್ಲಿ ಎನ್‌ವಿಡಿಯಾ ಕಾರ್ಡ್ ತಾನೇ ನಾಯ್ಸ್ ತಯಾರಿಸುತ್ತದೆ, ಮ್ಯಾಕ್ ಆ ಕೆಲಸವನ್ನು ಸಿಪಿಯುಗೆ ಒಪ್ಪಿಸುತ್ತದೆ. ಹಾಗಾಗಿ ಒಂದೇ ಸಂಖ್ಯೆಗೆ ಎರಡು ನಾಯ್ಸ್. ಚಿತ್ರದೊಳಗೆ ಉಳಿಯುವ ವಿವರದಲ್ಲಿ ಇದರ ಸುಳಿವೇ ಇರುವುದಿಲ್ಲ, ಏಕೆಂದರೆ ಆಯ್ಕೆ `GPU` ಆಗಿದ್ದರೆ ಅದನ್ನು ತಿಳಿಸುವ `RNG` ಭಾಗವನ್ನೇ ವೆಬ್‌ಯುಐ ಬರೆಯುವುದಿಲ್ಲ. ಎಲ್ಲ ಕಡೆ `CPU` ಮಾಡಿದರೆ ಆಯಿತೆಂದುಕೊಂಡು ಗೆಳೆಯರ ಯಂತ್ರದಲ್ಲೂ ಬದಲಿಸಿದೆ. ಅಲ್ಲಿಯೂ ಮೂಲ ಚಿತ್ರ ಬರುವುದು ನಿಂತಿತು. ಅಲ್ಲಿ ಮೊದಲಿದ್ದಂತೆಯೇ ಬಿಟ್ಟು ಮ್ಯಾಕಿನಲ್ಲಿ, ಎನ್‌ವಿಡಿಯಾ ಕಾರ್ಡಿನ ನಾಯ್ಸನ್ನೇ ಅನುಕರಿಸುವ `NV` ಆರಿಸಿದ ಮೇಲೆ ಕೆಂಪು ಡಬ್ಬಿ ತನ್ನ ಜಾಗಕ್ಕೆ ಮರಳಿತು. ಬಿಂದುಬಿಂದುವೂ ಒಂದೇ ಎನ್ನಲಾರೆ, ಆದರೆ ಲೇಬಲ್ ಸರಿಯಾಗಿ ಕೂರುತ್ತದೆ.

ಈಗ ಚಿತ್ರದ ಜೊತೆಗೆ ಇದನ್ನೂ ಉಳಿಸುತ್ತೇನೆ:

```
Steps: 28, Sampler: DPM++ 2M, Seed: 318204417,
Size: 1024x1024, Variation seed: 5001,
Variation seed strength: 0.08, RNG: NV
```

ಮೂಲ ಪಿಎನ್‌ಜಿ ಕಡತದೊಳಗೆ ಈ ವಿವರ ಇರುತ್ತದೆ, ಆದರೆ ವಾಟ್ಸ್‌ಆಪ್‌ನಲ್ಲಿ ಫೋಟೊ ಆಗಿ ಕಳಿಸಿದರೆ ಅಳಿಸಿಹೋಗುತ್ತದೆ.

ಅಳತೆ ಬದಲಿಸಿದರೆ ನಾಯ್ಸೂ ಬದಲಾಗುತ್ತದೆ. ಉದ್ದ ಬ್ಯಾನರಿಗೆ ನಾನು ಚಿತ್ರದ ಅಂಚನ್ನಷ್ಟೇ ಬೆಳೆಸುತ್ತೇನೆ. ಮೇಜಿನ ಮೇಲೆ ಸೇವಂತಿಗೆ ಬೇಕು ಎಂಬಂಥ ನಿರ್ದಿಷ್ಟ ಬೇಡಿಕೆಗೂ ವೇರಿಯೇಷನ್ ಒದಗುವುದಿಲ್ಲ, ಏಕೆಂದರೆ ಏನು ಬದಲಾಗಬೇಕೆಂದು ಅದಕ್ಕೆ ಹೇಳಲಾಗದು. ಆಗ ಆ ಮೂಲೆಗೆ ಮಾತ್ರ ಮಾಸ್ಕ್ ಬಳಿದು ಇನ್‌ಪೇಂಟ್ ಮಾಡಬೇಕು, ಅಂದರೆ ಅಷ್ಟು ಜಾಗವನ್ನಷ್ಟೇ ಹೊಸದಾಗಿ ಬರೆಸಬೇಕು.

ತಿಂಗಳಿಗೆ ಎರಡು ಮೂರು ಇಂಥ ಕೆಲಸ ಬರುವ ನನಗೆ ಡಾಲರಿನ ಚಂದಾ ಕಟ್ಟುವುದು ಹೊರೆ. ರಾತ್ರಿ 8 ಚಿತ್ರಕ್ಕೆ ಹಚ್ಚಿ ಮಲಗಿ, ಬೆಳಿಗ್ಗೆ ಪದರವಿಟ್ಟು ಆರಿಸುವುದು ನನ್ನ ರೂಢಿ. ಅಂಗಡಿಯವರಿಗೆ ಕಳಿಸಿದ ನಾಲ್ಕೂ 0.08ರವು, ಒಂದೂ ತಿದ್ದುಪಡಿಗೆ ವಾಪಸು ಬರಲಿಲ್ಲ.