ಅಚ್ಚಾಗದ ಕಾದಂಬರಿ ಗೂಗಲ್‌ನಲ್ಲಿ ಸಿಕ್ಕಿತು: ಅನುವಾದಕರೇ, ಸಹಿ ಹಾಕುವ ಮುಂಚೆ ಇದನ್ನು ಓದಿ

ದಾವಣಗೆರೆಯಲ್ಲಿ ಮನೆಯಿಂದಲೇ ಕನ್ನಡ–ಇಂಗ್ಲಿಷ್ ಅನುವಾದ ಮಾಡುತ್ತೇನೆ. ಈಚೆಗೆ ಒಂದು ಏಜೆನ್ಸಿ ಮೂಲಕ ಬಂದ ಕೆಲಸದಲ್ಲಿ ಒಬ್ಬ ಲೇಖಕರಿಗೆ ದೊಡ್ಡ ಅನ್ಯಾಯವಾಯಿತು, ಅದರ ಹೊಣೆಯನ್ನು ನನ್ನ ತಲೆಗೆ ಕಟ್ಟುವ ಪ್ರಯತ್ನವೂ ನಡೆಯಿತು. ಬೇರೆಯವರಿಗೆ ಹೀಗಾಗಬಾರದು ಅಂತ ಬರೆಯುತ್ತಿದ್ದೇನೆ.

ಲೇಖಕರು ಚಿತ್ರದುರ್ಗ ಜಿಲ್ಲೆಯ ನಿವೃತ್ತ ಮೇಷ್ಟ್ರು. ಮೊದಲ ಕಾದಂಬರಿ. ಕನ್ನಡದಲ್ಲೂ ಇನ್ನೂ ಅಚ್ಚಾಗಿರಲಿಲ್ಲ, ಒಂದು ಕಾದಂಬರಿ ಸ್ಪರ್ಧೆಗೆ ಕಳಿಸಿದ್ದರು. ಇಂಥ ಸ್ಪರ್ಧೆಗಳ ನಿಯಮ ನಿಮಗೆ ಗೊತ್ತಲ್ವಾ? ಕೃತಿ ಅಪ್ರಕಟಿತವಾಗಿರಬೇಕು, ಅಂತರ್ಜಾಲದಲ್ಲೂ ಎಲ್ಲೂ ಬಂದಿರಬಾರದು. ಆ ಕಡೆ ಫಲಿತಾಂಶಕ್ಕೆ ಕಾಯುತ್ತಲೇ ಇಂಗ್ಲಿಷ್ ಅನುವಾದವನ್ನೂ ಮಾಡಿಸುತ್ತಿದ್ದರು.

ಒಂದು ದಿನ ಮೇಷ್ಟ್ರ ಮಗಳು ಕಾದಂಬರಿಯಲ್ಲಿ ಬರುವ ಊರಿನ ಹೆಸರನ್ನು ಸುಮ್ನೆ ಗೂಗಲ್‌ನಲ್ಲಿ ಹುಡುಕಿದ್ದಾರೆ. ಅದು ಮೇಷ್ಟ್ರು ಕಲ್ಪಿಸಿಕೊಂಡ ಹಟ್ಟಿ, ಲೋಕದಲ್ಲಿ ಎಲ್ಲೂ ಇಲ್ಲ. ಆದರೂ ಒಂದು ಪುಟ ಸಿಕ್ಕಿತು. ತೆರೆದರೆ ಎಡಗಡೆ ಕಾದಂಬರಿಯ ಮೊದಲ ಅಧ್ಯಾಯಗಳು, ಬಲಗಡೆ ಯಂತ್ರ ಮಾಡಿದ ಇಂಗ್ಲಿಷ್. ಅದೊಂದು ಉಚಿತ ಅನುವಾದ ತಾಣ. ಅಲ್ಲಿ ಫೈಲ್ ಹಾಕಿದರೆ ಅನುವಾದದ ಜೊತೆ ಹಂಚಿಕೊಳ್ಳಲು ಒಂದು ಲಿಂಕ್ ಕೊಡುತ್ತಾರೆ. ಆ ಲಿಂಕಿಗೆ ಬೀಗ ಇರಲಿಲ್ಲ. ಹುಡುಕು ಯಂತ್ರ ಅದನ್ನು ಓದಿ ತನ್ನ ಪಟ್ಟಿಗೆ ಸೇರಿಸಿಕೊಂಡಿತ್ತು.

ಏಜೆನ್ಸಿಯವರ ಫೋನ್ ಬಂತು. "ಮೇಡಂ, ಫೈಲ್ ಇದ್ದದ್ದು ನಿಮ್ಮ ಹತ್ರ. ಒಪ್ಪಂದದ ಪ್ರಕಾರ ಹೊಣೆ ನಿಮ್ಮದೇ." ಮೇಷ್ಟ್ರೂ ಫೋನ್ ಮಾಡಿ, "ಅಮ್ಮಾ, ಈಗ ನಾನು ಯಾರನ್ನು ನಂಬ್ಲಿ?" ಅಂದರು. ಅದು ನನಗೆ ಜಾಸ್ತಿ ನೋವು ಕೊಟ್ಟಿತು.

ನನ್ನನ್ನು ಉಳಿಸಿದ್ದು ಒಂದು ಅರ್ಕಾವತ್ತು. ಹೇಗೆ ಅಂತ ಬಿಡಿಸಿ ಹೇಳುತ್ತೇನೆ, ಯಾಕೆಂದರೆ ಕನ್ನಡ ಹಸ್ತಪ್ರತಿಗಳು ಸೋರಬಹುದಾದ ಒಂದು ಜಾಗವೂ ಇದೇ, ಹಳೆಯ ಫಾಂಟ್ ಬದಲಿಸುವ ಹಂತ.

ಮೇಷ್ಟ್ರು ಕೈಯಲ್ಲಿ ಬರೆದದ್ದನ್ನು ಡಿಟಿಪಿ ಅಂಗಡಿಯಲ್ಲಿ ನುಡಿ ತಂತ್ರಾಂಶದ ಹಳೆಯ ಫಾಂಟಿನಲ್ಲಿ ಟೈಪ್ ಮಾಡಿಸಿದ್ದರು. ಆ ಫಾಂಟಿನ "ಕನ್ನಡ" ಕಂಪ್ಯೂಟರಿನ ಒಳಗೆ ನಿಜವಾಗಿ PÀ£ÀßqÀ ಅಂತ ಇರುತ್ತದೆ. ಅನುವಾದ ಸಾಧನಗಳಿಗೆ ಸಾಮಾನ್ಯವಾಗಿ ಇದು ಅರ್ಥವಾಗುವುದಿಲ್ಲ, ಮೊದಲು ಯೂನಿಕೋಡ್‌ಗೆ ಬದಲಿಸಬೇಕು. ಹಾಗೆ ಬದಲಿಸುವಾಗ ಕೆಲವು ಪರಿವರ್ತಕಗಳು ಅರ್ಕಾವತ್ತನ್ನು ತಪ್ಪು ಜಾಗದಲ್ಲಿ ಕೂರಿಸುತ್ತವೆ. ಹಳೆಯ ಫಾಂಟಿನಲ್ಲಿ "ಧರ್ಮ" ಅನ್ನುವುದು zsÀªÀÄð. ಕೊನೆಯ ð ಅರ್ಕಾವತ್ತು. ಪರಿವರ್ತಕ ಅದನ್ನು ಹಿಂದಕ್ಕೆ ಸರಿಸದಿದ್ದರೆ "ಧಮರ್" ಆಗುತ್ತದೆ. "ಸೂರ್ಯ" ಹೋಗಿ "ಸೂಯರ್", "ವರ್ಷ" ಹೋಗಿ "ವಷರ್".

ನಾನು ಫೈಲನ್ನು ನನ್ನ ಕಂಪ್ಯೂಟರಿನಲ್ಲೇ ಬದಲಿಸಿ, ಅರ್ಕಾವತ್ತುಗಳನ್ನೆಲ್ಲ ತಿದ್ದಿ, ಆ ಪ್ರತಿಯನ್ನು ಏಜೆನ್ಸಿಗೂ ಮೇಲ್ ಮಾಡಿದ್ದೆ. ಸೋರಿದ ಪುಟದಲ್ಲಿ ಸಾಲು ಸಾಲಿಗೂ "ಧಮರ್", "ಸೂಯರ್". ಅಂದರೆ ಯಾರೋ ಮೂಲ ನುಡಿ ಫೈಲನ್ನೇ ತೆಗೆದುಕೊಂಡು ಬೇರೆ ಪರಿವರ್ತಕಕ್ಕೆ ಹಾಕಿ, ಅಲ್ಲಿಂದ ಉಚಿತ ತಾಣಕ್ಕೆ ಹಾಕಿದ್ದಾರೆ. ಎರಡನ್ನೂ ಅಕ್ಕಪಕ್ಕ ಇಟ್ಟು, ನನ್ನ ಇಮೇಲ್‌ನ ದಿನಾಂಕದ ಜೊತೆ ಕಳಿಸಿದೆ. ಕೊನೆಗೆ ಏಜೆನ್ಸಿಯವರೇ ಒಪ್ಪಿಕೊಂಡರು: ನನ್ನ ಅನುವಾದ ಸರಿ ಇದೆಯಾ ಅಂತ ಹೋಲಿಸಿ ನೋಡಲು ಅವರ ಸಿಬ್ಬಂದಿಯೇ ಹಾಕಿದ್ದರಂತೆ. ಲೇಖಕರನ್ನು ಒಂದು ಮಾತು ಕೇಳಿರಲಿಲ್ಲ. ಮೇಷ್ಟ್ರು ಸ್ಪರ್ಧೆಯಿಂದ ಕೃತಿಯನ್ನು ವಾಪಸ್ ಪಡೆಯಬೇಕಾಯಿತು.

ಇದು ನಮ್ಮ ಕಡೆ ಮಾತ್ರ ಆಗುವ ಕಥೆಯಲ್ಲ. 2017ರಲ್ಲಿ ನಾರ್ವೆಯ ಸರ್ಕಾರಿ ತೈಲ ಕಂಪನಿ ಸ್ಟಾಟ್‌ಆಯಿಲ್‌ನ ಒಳಗಿನ ಕಾಗದಗಳು ಹೀಗೇ ಒಂದು ಉಚಿತ ಅನುವಾದ ತಾಣದ ಮೂಲಕ ಗೂಗಲ್‌ನಲ್ಲಿ ಸಿಕ್ಕಿದ್ದನ್ನು ಅಲ್ಲಿನ ಎನ್‌ಆರ್‌ಕೆ ವಾಹಿನಿ ಬಯಲಿಗೆ ತಂದಿತ್ತು.

ಹಾಗಾದರೆ ಏನು ಮಾಡಬೇಕು? ಮೊದಲು ಪರಿವರ್ತಕ. ಕೆಲವು ಪುಟಗಳು ನಿಮ್ಮ ಬ್ರೌಸರ್ ಒಳಗೇ ಕೆಲಸ ಮಾಡುತ್ತವೆ, ಕೆಲವು ಪಠ್ಯವನ್ನು ತಮ್ಮ ಸರ್ವರ್‌ಗೆ ಕಳಿಸುತ್ತವೆ. ನೋಡುವುದು ಸುಲಭ. ಪುಟ ಪೂರ್ತಿ ತೆರೆದ ಮೇಲೆ ಇಂಟರ್‌ನೆಟ್ ಬಂದ್ ಮಾಡಿ, ಹಳೆಯ ಪತ್ರಿಕೆಯ ಎರಡು ಸಾಲನ್ನು ನುಡಿಯ ಹಳೆಯ ಫಾಂಟಿನಲ್ಲಿ ಟೈಪ್ ಮಾಡಿ ಹಾಕಿ ನೋಡಿ. ಬದಲಾಗದಿದ್ದರೆ ಅದಕ್ಕೆ ಸರ್ವರ್ ಬೇಕು ಅಂತಲೇ, ಅಲ್ಲಿ ಹಸ್ತಪ್ರತಿ ಹಾಕಬೇಡಿ. ಬದಲಾದರೂ ಕೆಲಸ ಮುಗಿಸಿ ಆ ಪುಟ ಮುಚ್ಚುವವರೆಗೆ ಇಂಟರ್‌ನೆಟ್ ಹಾಕಬೇಡಿ.

ಅನುವಾದ ಸಾಧನದ ವಿಷಯದಲ್ಲಿ ಉಚಿತ ಮತ್ತು ದುಡ್ಡು ಕೊಟ್ಟು ಬಳಸುವುದರ ನಡುವೆ ನಿಯಮಗಳೇ ಬೇರೆ. ಡೀಪ್‌ಎಲ್ ಅನ್ನುವ ಅನುವಾದ ತಾಣ ತನ್ನ ಉಚಿತ ಸೇವೆಗೆ ಹಾಕಿದ ಪಠ್ಯವನ್ನು ಯಂತ್ರದ ತರಬೇತಿಗೆ ಬಳಸಬಹುದು ಅಂತ ಹೇಳುತ್ತದೆ, ದುಡ್ಡಿನ ಸೇವೆಯಲ್ಲಿ ಬಳಸುವುದಿಲ್ಲ ಅನ್ನುತ್ತದೆ. ಗೂಗಲ್ ಕೂಡ ಕ್ಲೌಡ್ ಟ್ರಾನ್ಸ್‌ಲೇಶನ್ ಅನ್ನುವ ತನ್ನ ದುಡ್ಡಿನ ಸೇವೆಯ ಬಗ್ಗೆ, ಗ್ರಾಹಕರ ಪಠ್ಯದಿಂದ ಯಂತ್ರಕ್ಕೆ ತರಬೇತಿ ಕೊಡುವುದಿಲ್ಲ ಅಂತ ಬರೆದಿದೆ. ಆದರೂ ಪಠ್ಯ ನಿಮ್ಮ ಮನೆಯಿಂದ ಹೊರಗೆ ಹೋಗುತ್ತದೆ ಅನ್ನುವುದು ನೆನಪಿರಲಿ. ಹೊರಗೆ ಹೋಗಲೇಬಾರದು ಅಂದರೆ ಐಐಟಿ ಮದ್ರಾಸಿನ ಎಐ4ಭಾರತ್ ತಂಡದ ಇಂಡಿಕ್‌ಟ್ರಾನ್ಸ್2 ಅನ್ನುವ ಅನುವಾದ ಯಂತ್ರ ಇದೆ. ಒಮ್ಮೆ ಇಳಿಸಿಕೊಂಡರೆ ನಿಮ್ಮ ಕಂಪ್ಯೂಟರಿನಲ್ಲೇ ಓಡುತ್ತದೆ. ಹಾಕಿಕೊಳ್ಳಲು ಸ್ವಲ್ಪ ಕಂಪ್ಯೂಟರ್ ಗೊತ್ತಿರುವವರ ಸಹಾಯ ಬೇಕು. ಯಾವುದನ್ನೇ ಬಳಸಿದರೂ ಲೇಖಕರ ಒಪ್ಪಿಗೆ ಬರಹದಲ್ಲಿ ಇರಲಿ.

ಈಗ ಒಪ್ಪಂದ. ಏಜೆನ್ಸಿ ಕಳಿಸಿದ ಕರಡಿನಲ್ಲಿ, ಹಸ್ತಪ್ರತಿ ಯಾವ ರೀತಿಯಲ್ಲಿ ಸೋರಿದರೂ ಅನುವಾದಕರು ಪೂರ್ತಿ ನಷ್ಟ ತುಂಬಬೇಕು, ಜೊತೆಗೆ ಹತ್ತು ಲಕ್ಷ ದಂಡ ಅಂತ ಇತ್ತು. ನನ್ನ ಸಂಭಾವನೆ ಅದರ ಹತ್ತನೇ ಒಂದು ಭಾಗವೂ ಇರಲಿಲ್ಲ. ಆ ಸಾಲಿಗೆ ನಾನು ಒಪ್ಪಲಿಲ್ಲ. "ನನ್ನ ಕೈಯಲ್ಲಿರುವ ಪ್ರತಿಗೆ, ನನ್ನ ಅಜಾಗರೂಕತೆಯಿಂದ ಆದ ಸೋರಿಕೆಗೆ ಮಾತ್ರ ನಾನು ಹೊಣೆ, ಆ ಹೊಣೆ ಈ ಕೆಲಸದ ಸಂಭಾವನೆಯನ್ನು ಮೀರುವುದಿಲ್ಲ" ಅಂತ ಬರೆಸಿದೆ. ಆ ಒಂದು ಸಾಲು ಇಲ್ಲದಿದ್ದರೆ ಅರ್ಕಾವತ್ತಿನ ಸಾಕ್ಷಿಯೂ ಸಾಲುತ್ತಿರಲಿಲ್ಲ, ಯಾಕೆಂದರೆ "ಯಾವ ರೀತಿಯಲ್ಲಿ ಸೋರಿದರೂ" ಅನ್ನುವ ಮಾತಿಗೆ ಯಾರು ಸೋರಿಸಿದರು ಅನ್ನುವುದು ಬೇಕಿಲ್ಲ. ದಂಡದ ಸಾಲಿಗೆ ಈಗಾಗಲೇ ಸಹಿ ಹಾಕಿದವರು ಕೂಡಲೇ ಹೆದರಬೇಕಿಲ್ಲ. 1872ರ ಕರಾರು ಕಾಯ್ದೆಯ 74ನೇ ಸೆಕ್ಷನ್ ಪ್ರಕಾರ ಬರೆದ ಮೊತ್ತ ಗರಿಷ್ಠ ಮಿತಿ ಮಾತ್ರ. ಅದರೊಳಗೆ ನ್ಯಾಯವಾದ ಪರಿಹಾರ ಎಷ್ಟು ಅನ್ನುವುದನ್ನು ಕೋರ್ಟ್ ತೀರ್ಮಾನಿಸುತ್ತದೆ. ವಕೀಲರನ್ನು ಕೇಳಿ.

ಗೋಪ್ಯತೆಯ ಷರತ್ತೇ ಬೇಡ ಅಂತ ನಾನು ಹೇಳುತ್ತಿಲ್ಲ. ಲೇಖಕರಿಗೆ ಆ ರಕ್ಷಣೆ ಬೇಕೇ ಬೇಕು. ಹಸ್ತಪ್ರತಿಯನ್ನು ಯಾರಿಗೂ ತೋರಿಸುವುದಿಲ್ಲ, ಒಪ್ಪಿಗೆ ಇಲ್ಲದೆ ಆನ್‌ಲೈನ್ ಸಾಧನಕ್ಕೆ ಹಾಕುವುದಿಲ್ಲ ಅನ್ನುವುದಕ್ಕೆ ಖುಷಿಯಿಂದ ಸಹಿ ಹಾಕಿ. ಆದರೆ ಅದೇ ಷರತ್ತು ಏಜೆನ್ಸಿಗೂ, ಅವರ ಪ್ರೂಫ್ ನೋಡುವವರಿಗೂ ಅನ್ವಯಿಸುತ್ತದೆ ಅಂತ ಬರೆಸಿ. ನಮ್ಮ ಒಪ್ಪಂದದಲ್ಲಿ ಇದು ಇರಲಿಲ್ಲ, ಕೇಳಿದಾಗ "ನಮ್ಮ ಒಳಗಿನ ವಿಷಯ" ಅಂದಿದ್ದರು. ಈಗ ಇದಿಲ್ಲದೆ ನಾನು ಕೆಲಸ ಒಪ್ಪುವುದಿಲ್ಲ. ಗೋಪ್ಯತೆಗೆ ಕೊನೆಯೂ ಇರಬೇಕು: ಪುಸ್ತಕ ಪ್ರಕಟವಾದ ದಿನಕ್ಕೆ ಮುಗಿಯಲಿ, ಆಮೇಲೆ ಅನುವಾದ ನನ್ನದು ಅಂತ ಹೇಳಿಕೊಳ್ಳಲು ಅಡ್ಡಿ ಇರದಿರಲಿ. ಕೆಲಸ ಮುಗಿದ ಮೇಲೆ ಎಲ್ಲ ಪ್ರತಿ ಅಳಿಸಬೇಕು ಅಂತ ಇದ್ದರೆ, ವಿವಾದ ಬಂದರೆ ತೋರಿಸಲು ಒಂದು ಪ್ರತಿಯನ್ನು ಬೀಗ ಹಾಕಿ ಇಟ್ಟುಕೊಳ್ಳುವ ಹಕ್ಕನ್ನು ಅದೇ ಸಾಲಿನಲ್ಲಿ ಸೇರಿಸಿ. ನನ್ನ ಹತ್ತಿರ ತಿದ್ದಿದ ಆ ಫೈಲ್ ಉಳಿದಿರದಿದ್ದರೆ ಹೋಲಿಸಿ ತೋರಿಸಲು ಏನೂ ಇರುತ್ತಿರಲಿಲ್ಲ.