ಧಾರವಾಡದಾಗ ಮಾರೂ ಆ ಕಾಂಪ್ಲೆಕ್ಸ್ ಅನಾಲಿಸಿಸ್ ನೋಟ್ಸ್ ನಂಬಬ್ಯಾಡ್ರಿ

ಗದಗ, ಹಾವೇರಿ ಕಡೆಯಿಂದ ಧಾರವಾಡಕ್ಕ ಎಮ್ಮೆಸ್ಸಿ ಮ್ಯಾಥ್ಸ್ ಮಾಡಾಕ ಬಂದಿರೋ ಹುಡುಗ್ರಿಗೆ ಹೇಳಾಕತ್ತೀನಿ. ಝೆರಾಕ್ಸ್ ಅಂಗಡ್ಯಾಗ ಸ್ಪೈರಲ್ ಬೈಂಡಿಂಗ್ ಮಾಡಿ ಒಂದು ನೋಟ್ಸ್ ಮಾರ್ತಾರ, ಯಾವುದೋ ಕೋಚಿಂಗ್ ಕ್ಲಾಸಿನವ್ರು ಬರದದ್ದಂತ, ಅಕ್ಷರೇನೋ ಮುತ್ತಿನಂಗ ಅದಾವ, ಆದ್ರ ರಿಯಲ್ ಆಕ್ಸಿಸ್ ಮ್ಯಾಲೆ ಪೋಲ್ ಬರೂ ಭಾಗ ಪೂರಾ ತಪ್ಪೈತಿ. ನಮ್ಮ ಕಾಕಾನ ಮಗಳು ಅದನ್ನ ಬಾಯಿಪಾಠ ಮಾಡಿ ಇಂಟರ್ನಲ್ಸ್ ಬರದ್ಲು, ಆ ಲೆಕ್ಕಕ್ಕ ಸೊನ್ನಿ ಬಿತ್ತು. "ಅಣ್ಣಾ, ನೋಟ್ಸಿನ್ಯಾಗ ಇದ್ದಂಗ ಬರದೇನಿ, ಸರ್ ಯಾಕ ಕಾಟ್ ಹೊಡದಾರ?" ಅಂತ ಪೇಪರ್ ತಂದು ಮುಂದಿಟ್ಲು. ಅಂಗಡಿಯಾವ್ನ ಕೇಳಿದ್ರ "ನಾವು ಬರೇ ಝೆರಾಕ್ಸ್ ಹೊಡಿಯಾವ್ರು ಸಾರ್" ಅಂದ, ಅದೂ ಖರೇನ.

ಲೆಕ್ಕ ಇದು: −∞ ಇಂದ ∞ ತನಕ sin x / (x(x²+1)) ಇಂಟಿಗ್ರಲ್. ಎಲ್ಲಾರೂ ಮಾಡೂವಂಗ f(z) = e^(iz) / (z(z²+1)) ತಗೊಂಡಾರ, ಅಲ್ಲಿತನಕ ಬರೋಬ್ಬರಿ. ಮ್ಯಾಲಿನ ಅರ್ಧದಾಗ z = i ಒಂದು ಪೋಲ್, ಅಲ್ಲಿ ರೆಸಿಡ್ಯೂ −1/(2e). ಇನ್ನೊಂದು z = 0, ರೆಸಿಡ್ಯೂ 1, ಅದು ನಾವು ಹೋಗೂ ದಾರಿ ಮ್ಯಾಲೇ ಕುಂತೈತಿ. ಅದಕ್ಕ ಅಲ್ಲಿ ε ರೇಡಿಯಸ್ಸಿನ ಸಣ್ಣ ಅರ್ಧವೃತ್ತ ಹಾಕಿ ಬಳಸಿಕೊಂಡು ಹೋಗ್ಬೇಕು. ನೋಟ್ಸಿನವ್ರು ಆ ಅರ್ಧವೃತ್ತ ಸೊನ್ನಿ ಕೆಳಗಿಂದ ಎಳದಾರ, ಹಂಗಾಗಿ z = 0 ಕಾಂಟೂರಿನ ಒಳಗ ಬಂತು, ಅದೂ ತಪ್ಪಲ್ಲ. ಎಡವಟ್ಟು ಮುಂದಿನ ಸಾಲಿನ್ಯಾಗ ಐತಿ: "ε → 0 ಆದಾಗ ಸಣ್ಣ ಆರ್ಕ್ ಸಹ 0" ಅಂತ ಬರದು, ದೊಡ್ಡ ಆರ್ಕಿನ ಜೋಡಿ ಇದನ್ನೂ ಹೊಡದ ಹಾಕ್ಯಾರ!

ದೊಡ್ಡ ಆರ್ಕ್ ಸೊನ್ನಿ ಆಗೂದು ಖರೆ, ಯಾಕಂದ್ರ ಮ್ಯಾಲಿನ ಅರ್ಧದಾಗ e^(iz) ಗಾತ್ರ 1 ದಾಟೂದಿಲ್ಲ, ದಾರಿ ಉದ್ದ πR, ಕೆಳಗ ಹೆಚ್ಚುಕಮ್ಮಿ R³ ಐತಿ. ಆದ್ರ ಸಣ್ಣ ಆರ್ಕಿನ್ಯಾಗ ದಾರಿ ಉದ್ದ πε ಇದ್ರ ಫಂಕ್ಷನ್ನಿನ ಗಾತ್ರ 1/ε ಐತಿ, ಒಂದಕ್ಕೊಂದು ಹೊಡದು ಹೋಗಿ ε ನ ಉಳಿಯೂದಿಲ್ಲ. z = εe^(iθ) ಹಾಕ್ರಿ, dz/z ಅಂದ್ರ i dθ, ಅರ್ಧ ಸುತ್ತಿಗೆ πi. ε ಎಷ್ಟರ ಸಣ್ಣ ಮಾಡ್ರಿ, ಅದು ಹೋಗೂ ಪೈಕಿ ಅಲ್ಲ.

ಹಂಗಾಗಿ ಖರೇ ಉತ್ತರ: ಒಟ್ಟು 2πi(1 − 1/(2e)), ಅದ್ರಾಗ ಕೆಳಗಿನ ಆರ್ಕಿನ πi ಕಳದ್ರ ಪ್ರಿನ್ಸಿಪಲ್ ವ್ಯಾಲ್ಯೂ πi(1 − 1/e). ಇಮ್ಯಾಜಿನರಿ ಭಾಗ ತಗೊಂಡ್ರ π(1 − 1/e), ಸುಮಾರು 1.986. ಮ್ಯಾಲಿಂದ ಬಳಸಿ ಹೋದ್ರೂ ಇದ ಬರತೈತಿ: ಆವಾಗ z = 0 ಹೊರಗ ಉಳಿತೈತಿ, ಒಟ್ಟು −πi/e, ಆರ್ಕ್ ಕ್ಲಾಕ್‌ವೈಸ್ ಆಗಿದ್ದಕ್ಕ −πi, ಅದನ್ನ ಕಳದ್ರ ಮತ್ತ ಅದ πi(1 − 1/e). ನೋಟ್ಸಿನವ್ರ ಉತ್ತರ 2π − π/e, ಅಂದ್ರ 5.13 ಹತ್ರ. ಇದು ಆಗಾಕ ಸಾಧ್ಯನ ಇಲ್ಲ. sin x / x ಯಾವತ್ತೂ 1 ದಾಟೂದಿಲ್ಲ, ಹಂಗಾಗಿ ಇಂಟಿಗ್ರಲ್ 1/(x²+1) ನ ಇಂಟಿಗ್ರಲ್‌ಗಿಂತ, ಅಂದ್ರ π ಗಿಂತ, ಜಾಸ್ತಿ ಆಗಾಂಗಿಲ್ಲ. ಕಾಂಟೂರ್ ಗೀಂಟೂರ್ ಏನೂ ಬ್ಯಾಡ, ಪಿಯುಸಿ ಹುಡುಗನೂ ಹಿಡೀತಾನ, ಬರದಾವ್ರು ಒಮ್ಮೆನೂ ತಿರುಗಿ ನೋಡಿಲ್ಲ.

ನಾಕು ಪಾನು ಮುಂದ ಹೋದ್ರ ಇನ್ನೊಂದು ಐತಿ. ಅಲ್ಲಿ ಮಾತ್ರ ಅರ್ಧ ರೆಸಿಡ್ಯೂ ರೂಲ್ ಹಾಕ್ಯಾರ, ಆದ್ರ cos x / x² ಕ್ಕ! e^(iz)/z² ಗೆ ಸೊನ್ನಿಯೊಳಗ ರೆಸಿಡ್ಯೂ i, πi ಇಂದ ಗುಣಿಸಿ ಉತ್ತರ −π ಅಂತ ಡಬ್ಬಿ ಹಾಕಿ ಬರದಾರ. ಅರ್ಧ ರೆಸಿಡ್ಯೂ ನಡಿಯೂದು ಸಿಂಪಲ್ ಪೋಲ್ ಇದ್ರ. ಇಲ್ಲಿ ಪೋಲ್ ಎರಡನೇ ಆರ್ಡರಿಂದು, ಸಣ್ಣ ಆರ್ಕಿನ್ಯಾಗ 1/z² ಟರ್ಮ್ 2/ε ದಂಗ ಬೆಳೀತೈತಿ, −ε ಇಂದ ε ತನಕ ಕತ್ತರಿಸಿದ್ರ ಉಳಿಯೂದು 2/ε − π, ಅಂದ್ರ ಪ್ರಿನ್ಸಿಪಲ್ ವ್ಯಾಲ್ಯೂನ ಇಲ್ಲ. ಸೊನ್ನಿ ಹತ್ರ cos x / x² ಎರಡೂ ಕಡೆ ಪ್ಲಸ್ಸ ಇರತೈತಿ, ಕಳಕೊಳ್ಳಾಕ ಎದುರಿಗೆ ಮೈನಸ್ ಎಲ್ಲಿಂದ ಬರಬೇಕು? ಅದ (1 − cos x)/x² ಕೇಳಿದ್ರ ಮಾತ ಬ್ಯಾರೆ: (1 − e^(iz))/z² ಗೆ ಸೊನ್ನಿಯೊಳಗ ಸಿಂಪಲ್ ಪೋಲ್, ರೆಸಿಡ್ಯೂ −i, ಉತ್ತರ π. ಅದನ್ನ ಎರಡು ತುಂಡು ಮಾಡಿ ಒಂದೊಂದಕ್ಕ ರೂಲ್ ಹಚ್ಚಾಕ ಹೋಗಬ್ಯಾಡ್ರಿ, ನೋಟ್ಸಿನವ್ರು ಅಲ್ಲೇ ದಾರಿ ತಪ್ಪ್ಯಾರ ಅಂತ ಕಾಣ್ತೈತಿ. ನಿಮ್ಮ ಹತ್ರ ಈಗಾಗ್ಲೇ ಆ ನೋಟ್ಸ್ ಇದ್ರ ಈ ಎರಡೂ ಲೆಕ್ಕ ತೆಗದು ಉತ್ತರ ತಾಳೆ ಹಾಕಿ ನೋಡ್ರಿ, ಮೊದಲನೇ ಲೆಕ್ಕಕ್ಕ 2π − π/e ಅಂತ ಕಂಡ್ರ ಅದ ಪ್ರತಿ.